ಚರ್ಮದ ರಂಧ್ರ ಹಾಕಿದರೆ ಕೆನ್ನೆ ಊದಿಕೊಳ್ಳುವುದು ಯಾಕೆ?

«ಬ್ಲೆಂಡರ್‌ನಲ್ಲಿ ಒಬ್ಬ ಮುದುಕರ ತಲೆ ಸ್ಕಲ್ಪ್ಟ್ ಮಾಡ್ತಿದ್ದೀನಿ. ಮಲ್ಟಿರೆಸ್ ಹಾಕಿದ್ದೀನಿ. ಆದರೂ ಆಲ್ಫಾ ಬಳಸಿ ಚರ್ಮದ ರಂಧ್ರ ಹಾಕೋಕೆ ಹೋದರೆ ಕೆನ್ನೆ ಊದಿಕೊಳ್ಳುತ್ತೆ, ತುಟಿಯ ಅಂಚು ಹಾಳಾಗುತ್ತೆ. ಏನು ತಪ್ಪು ಮಾಡ್ತಿದ್ದೀನಿ?»

ಮೊದಲು ನಿಮ್ಮ ಆಲ್ಫಾ ಚಿತ್ರವನ್ನು ತೆರೆದು ನೋಡಿ. ಅದರ ಹಿನ್ನೆಲೆ ಬೂದು ಬಣ್ಣದ್ದಾ, ಕಪ್ಪಾ? ಚರ್ಮದ ಆಲ್ಫಾಗಳಲ್ಲಿ ಎಷ್ಟೋ ಬೂದು ಹಿನ್ನೆಲೆಯವೇ. ಅವುಗಳಲ್ಲಿ ಬೂದು ಎಂದರೆ ಸಮತಟ್ಟು, ಕಪ್ಪು ಎಂದರೆ ತಗ್ಗು, ಬಿಳಿ ಎಂದರೆ ಉಬ್ಬು. ಆದರೆ ಬ್ರಷ್‌ಗೆ ಅದು ಹಾಗೆ ಗೊತ್ತಾಗುವುದಿಲ್ಲ. ಅದಕ್ಕೆ ಕಪ್ಪು ಮಾತ್ರ ಸೊನ್ನೆ. ಬೂದು ಇರುವ ಕಡೆಯೆಲ್ಲ ಅದು ಚರ್ಮವನ್ನು ಅರ್ಧ ಎತ್ತಿಬಿಡುತ್ತದೆ. ಒಂದು ಸಲ ಒತ್ತಿದಾಗ ಕಣ್ಣಿಗೆ ಬೀಳುವುದಿಲ್ಲ. ಅದೇ ಜಾಗದ ಮೇಲೆ ಮೂರು ನಾಲ್ಕು ಸಲ ಹೋದರೆ ಕೆನ್ನೆ ದಪ್ಪಗಾಗುತ್ತದೆ.

ಇದಕ್ಕೆ ಬ್ರಷ್‌ನ Texture ಭಾಗದಲ್ಲಿ Sample Bias ಅಂತ ಇದೆ. ಅದನ್ನು -0.5 ಮಾಡಿ. ಸರಿಯಾಯಿತಾ ಅಂತ ನೋಡಲು Stroke Method ಅನ್ನು Drag Dot ಮಾಡಿಕೊಂಡು, Falloff ಅನ್ನು Constant ಇಟ್ಟು, ಹಣೆಯ ಮೇಲೆ ದೊಡ್ಡದಾಗಿ ಒಂದು ಸಲ ಒತ್ತಿ. ಒತ್ತಿದ ಜಾಗದ ಸುತ್ತ ಮೆಟ್ಟಿಲಿನ ಹಾಗೆ ಅಂಚು ಕಂಡರೆ ಬೂದು ಇನ್ನೂ ಎತ್ತುತ್ತಿದೆ, ಇಲ್ಲವೇ ತಗ್ಗಿಸುತ್ತಿದೆ ಎಂದರ್ಥ. ಆ ಅಂಚು ಮಾಯವಾಗುವವರೆಗೆ ಅಂಕಿಯನ್ನು ಸ್ವಲ್ಪ ಸ್ವಲ್ಪ ಬದಲಿಸಿ, ಆಮೇಲೆ Ctrl+Z ಮಾಡಿ, Falloff ಅನ್ನು ಮತ್ತೆ Smooth ಮಾಡಿಕೊಳ್ಳಿ. ಕಪ್ಪು ಹಿನ್ನೆಲೆಯ ಆಲ್ಫಾ ಆದರೆ ಇದರ ಗೊಡವೆಯೇ ಬೇಡ.

ಇನ್ನು ಲೆವೆಲ್. ಮಲ್ಟಿರೆಸ್‌ನ ಪ್ರತಿ ಲೆವೆಲ್‌ಗೂ ಮೆಶ್‌ನ ಮುಖಗಳು ನಾಲ್ಕು ಪಟ್ಟಾಗುತ್ತವೆ. ನಾನು ಸಾಮಾನ್ಯವಾಗಿ 1,500 ಕ್ವಾಡ್‌ಗಳ ತಲೆಯಿಂದ ಶುರು ಮಾಡುತ್ತೇನೆ. ಅದು ಲೆವೆಲ್ 2ರಲ್ಲಿ 24,000, ಲೆವೆಲ್ 4ರಲ್ಲಿ 3,84,000, ಲೆವೆಲ್ 6ರಲ್ಲಿ ಸುಮಾರು 61 ಲಕ್ಷ. ದವಡೆ, ಕೆನ್ನೆ, ಕಣ್ಣಿನ ಗುಳಿಯನ್ನು ಲೆವೆಲ್ 1ರಿಂದ 3ರೊಳಗೇ ಮುಗಿಸುತ್ತೇನೆ. ಹಣೆಯ ಗೆರೆ, ಕಣ್ಣಿನ ಪಕ್ಕದ ಸುಕ್ಕು ಲೆವೆಲ್ 4ರಲ್ಲಿ. ರಂಧ್ರ ಮಾತ್ರ 6ರಲ್ಲಿ. ಒಂದು ರಂಧ್ರದ ಅಗಲಕ್ಕೆ ಮೂರು ನಾಲ್ಕು ವರ್ಟೆಕ್ಸ್ ಆದರೂ ಸಿಗಬೇಕು. ಇಲ್ಲದಿದ್ದರೆ ಅದು ರಂಧ್ರ ಅನ್ನಿಸುವುದಿಲ್ಲ, ಚರ್ಮ ಸುಮ್ನೆ ತರಿತರಿಯಾಗುತ್ತದೆ. ಆಗ ಜನ Strength ಜಾಸ್ತಿ ಮಾಡುತ್ತಾರೆ, ಅಲ್ಲಿಂದ ಆಕಾರ ಕೆಡಲು ಶುರು.

ತುಟಿಗೆ ಮಾಸ್ಕ್ ಬೇಕೇ ಬೇಕು. M ಒತ್ತಿ ತುಟಿ, ಕಣ್ಣುರೆಪ್ಪೆಯ ಅಂಚು, ಮೂಗಿನ ಹೊಳ್ಳೆಯ ಒಳಭಾಗಕ್ಕೆ ಬಳಿಯಿರಿ. ರಂಧ್ರ ಹಾಕುವ ಲೆವೆಲ್‌ನಲ್ಲೇ ಬಳಿಯಿರಿ. ಬಳಿದು ಅಲ್ಲಿಗೇ ಬಿಟ್ಟರೆ ಮಾಸ್ಕ್ ಮುಗಿಯುವ ಕಡೆ ರಂಧ್ರಗಳು ಕತ್ತರಿಸಿದ ಹಾಗೆ ನಿಲ್ಲುತ್ತವೆ, ತುಟಿಗೆ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ. A ಒತ್ತಿ ಬರುವ ಮೆನುವಿನಲ್ಲಿ Smooth Mask ಅನ್ನು ನಾಲ್ಕೈದು ಸಲ ಕೊಡಿ. ಮಾಸ್ಕ್ ಅರ್ಧ ಇರುವ ಕಡೆ ಬ್ರಷ್‌ನ ಪರಿಣಾಮವೂ ಅರ್ಧ, ಹಾಗಾಗಿ ರಂಧ್ರಗಳು ತುಟಿಯ ಹತ್ತಿರ ಬರುತ್ತಾ ತಾವೇ ತೆಳುವಾಗುತ್ತವೆ. ನಿಜವಾದ ಮುಖದಲ್ಲೂ ಹಾಗೇ ಅಲ್ವಾ? ಮೂಗಿನ ಪಕ್ಕದ ಕೆನ್ನೆಯಲ್ಲಿ ಎದ್ದು ಕಾಣುವ ರಂಧ್ರ, ಕಿವಿಯ ಕಡೆ ಹೋದಂತೆ ಕಾಣುವುದೇ ಕಷ್ಟ. ಅದಕ್ಕೇ ಕಿವಿಯ ಮುಂದಿನ ಭಾಗಕ್ಕೂ ತೆಳುವಾಗಿ ಮಾಸ್ಕ್ ಬಳಿಯುವುದು ನನ್ನ ಅಭ್ಯಾಸ. ತುಟಿಯ ಕೆಲಸ ಬಂದಾಗ Ctrl+I ಒತ್ತಿ ಮಾಸ್ಕ್ ತಿರುಗಿಸಿ, ಉದ್ದುದ್ದ ಗೆರೆ ಎಳೆಯಿರಿ. ಎಲ್ಲಾ ಮುಗಿದ ಮೇಲೆ Alt+M. ಅದನ್ನು ಮರೆತರೆ ಆಮೇಲೆ «ಈ ಜಾಗದಲ್ಲಿ ಬ್ರಷ್ ಕೆಲಸವೇ ಮಾಡ್ತಿಲ್ಲ» ಅಂತ ಹುಡುಕುತ್ತಾ ಕೂರಬೇಕಾಗುತ್ತದೆ.

ಈಗಾಗಲೇ ಊದಿರುವ ಕೆನ್ನೆಯನ್ನು ಲೆವೆಲ್ 6ರಲ್ಲಿ ಸ್ಮೂತ್ ಮಾಡಬೇಡಿ. ರಂಧ್ರ ಅಳಿಸಿಹೋಗುತ್ತದೆ, ಊತ ಹಾಗೇ ಇರುತ್ತದೆ. Sculpt ಲೆವೆಲ್ ಅನ್ನು 2ಕ್ಕೆ ಇಳಿಸಿ, Grab ಬ್ರಷ್‌ನಿಂದ ಕೆನ್ನೆಯನ್ನು ಒಳಕ್ಕೆ ತಳ್ಳಿ, ಮತ್ತೆ 6ಕ್ಕೆ ಹತ್ತಿ. ರಂಧ್ರಗಳು ಕೆನ್ನೆಯ ಜೊತೆಗೇ ಒಳಕ್ಕೆ ಹೋಗಿರುತ್ತವೆ, ಯಾಕೆಂದರೆ ಮೇಲಿನ ಲೆವೆಲ್‌ನ ಉಬ್ಬುತಗ್ಗು ಕೆಳಗಿನ ಮೇಲ್ಮೈಯನ್ನು ಆಧರಿಸಿಯೇ ಕೂತಿರುತ್ತದೆ. ಮಲ್ಟಿರೆಸ್‌ನ ನಿಜವಾದ ಉಪಯೋಗ ಇದೇ. ಆದರೆ Edit Mode ಗೆ ಹೋಗಿ ಮೂಲ ಮೆಶ್‌ನಲ್ಲಿ ಹೊಸ ಎಡ್ಜ್ ಸೇರಿಸುವುದೋ ಮುಖ ಅಳಿಸುವುದೋ ಮಾಡಿದರೆ ಈ ಸಂಬಂಧ ಕೆಟ್ಟು ವಿವರ ಹಾಳಾಗುತ್ತದೆ.

Erase Multires Displacement ಬ್ರಷ್ ಬಗ್ಗೆಯೂ ಎಚ್ಚರ. ಅದು ರಂಧ್ರವನ್ನಷ್ಟೇ ಅಳಿಸುವುದಿಲ್ಲ, ಮೇಲ್ಮೈಯನ್ನು ಮೂಲ ಮೆಶ್ ಕೊಡುವ ನುಣುಪಿಗೇ ವಾಪಸ್ ಒಯ್ಯುತ್ತದೆ. ನಿಮ್ಮ ದವಡೆ, ಕೆನ್ನೆ ಎಲ್ಲಾ ಲೆವೆಲ್ 3ರಲ್ಲಿ ಮಾಡಿದ್ದಾದರೆ ಅವೂ ಹೋಗುತ್ತವೆ. ಹಾಗಾಗಿ ದೊಡ್ಡ ಆಕಾರ ಮುಗಿದ ಕೂಡಲೇ ಮಾಡಿಫೈಯರ್‌ನಲ್ಲಿ Apply Base ಒತ್ತಿ. ಮೂಲ ಮೆಶ್ ನಿಮ್ಮ ಆಕಾರಕ್ಕೆ ಆದಷ್ಟು ಹತ್ತಿರ ಬರುತ್ತದೆ. ಅದಾದ ಮೇಲೆ Shift+D ಮಾಡಿ ತಲೆಯ ಒಂದು ಪ್ರತಿಯನ್ನು ಪಕ್ಕಕ್ಕಿಟ್ಟುಕೊಳ್ಳಿ. ರಂಧ್ರ ಹಾಕುತ್ತಾ ಆಗಾಗ ಎರಡನ್ನೂ ಪಕ್ಕದಿಂದ ನೋಡಿ. ಕೆನ್ನೆಯ ಹೊರಗೆರೆ ಎರಡರಲ್ಲೂ ಒಂದೇ ಇದ್ದರೆ ಮುಂದುವರಿಯಿರಿ.