17ನೇ ಪಿನ್ ಯಾವುದು, ಎರಡು ಮೈಕ್ರೋಸೆಕೆಂಡ್ ಯಾಕೆ?

ಪ್ರಶ್ನೆ: ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಹುಬ್ಬಳ್ಳಿಯಿಂದ ತರಿಸಿದ ಹೊಸ `ATmega328P-PU` ಚಿಪ್ಪನ್ನು ಬ್ರೆಡ್‌ಬೋರ್ಡಿಗೆ ಹಾಕಿ, 7ಕ್ಕೆ 5 ವೋಲ್ಟ್, 8ಕ್ಕೆ ಗ್ರೌಂಡ್, 1ಕ್ಕೆ ರೀಸೆಟ್ ಕೊಟ್ಟು ಯುಎಸ್‌ಬಿಎಎಸ್‌ಪಿ ಪ್ರೋಗ್ರಾಮರ್ ಜೋಡಿಸಿದೆ. ಡೇಟಾಶೀಟ್ ನೋಡಿ ಉಳಿದ ಮೂರು ವೈರ್ 15, 16, 17ಕ್ಕೆ ಹಾಕಿದೆ, ಆಗಲಿಲ್ಲ. ಗೆಳೆಯ ಹೇಳಿದಂತೆ 17, 18, 19ಕ್ಕೆ ಬದಲಿಸಿದರೂ `target doesn't answer` ಎಂದೇ ಬರುತ್ತಿದೆ. ಚಿಪ್ ಸುಟ್ಟಿತೇ ಸರ್? ಟೈಮಿಂಗ್ ಚಾರ್ಟ್ ನೋಡಿದರೆ ತಲೆಬುಡ ಗೊತ್ತಾಗುತ್ತಿಲ್ಲ.

ಉತ್ತರ: ಚಿಪ್ ಸುಟ್ಟಿರುವ ಸಾಧ್ಯತೆ ಕಡಿಮೆ. ಖಾಲಿ ಚಿಪ್ಪಿನಲ್ಲಿ ಈ ಪಿನ್‌ಗಳೆಲ್ಲ ಇನ್‌ಪುಟ್ ಆಗಿರುತ್ತವೆ, ರೀಸೆಟ್ ಕೆಳಗಿಳಿದಾಗಲೂ ಹೊರಕ್ಕೆ ಕರೆಂಟ್ ಕೊಡುವುದಿಲ್ಲ. ಹಾಗಾಗಿ ತಪ್ಪು ಪಿನ್ನಿಗೆ ಸಿಗ್ನಲ್ ಹೋದರೆ ಕೆಲಸ ಆಗುವುದಿಲ್ಲ ಅಷ್ಟೇ, ಚಿಪ್ಪಿಗೆ ಪೆಟ್ಟು ಬೀಳುವುದಿಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ತಪ್ಪುಗಳು ಒಂದರ ಹಿಂದೆ ಒಂದು ನಿಂತಿವೆ. ಗೆಳೆಯ ಸರಿಪಡಿಸಿದ್ದು ಮೊದಲನೆಯದನ್ನು ಮಾತ್ರ.

ಪಿನ್ ಚಿತ್ರದಿಂದ ಶುರು ಮಾಡೋಣ. ಡೇಟಾಶೀಟಿನ ಆ ಪುಟದಲ್ಲಿ ಒಂದೇ ಚಿಪ್ಪಿಗೆ ನಾಲ್ಕು ಚಿತ್ರಗಳಿವೆ. ಒಳಗಿರುವ ಸಿಲಿಕಾನ್ ಒಂದೇ, ಹೊರಗಿನ ಮೈ ಬೇರೆ. ಚೌಕಾಕಾರದ 32 ಪಿನ್ನಿನ ಚಿತ್ರದಲ್ಲಿ ಚಿಪ್ಪಿಗೆ ಡೇಟಾ ತರುವ `MOSI` 15, ಚಿಪ್ಪಿನಿಂದ ಡೇಟಾ ಒಯ್ಯುವ `MISO` 16, ಕ್ಲಾಕ್ ತರುವ `SCK` 17. ನಿಮ್ಮ ಕೈಯಲ್ಲಿರುವುದು ಎರಡು ಸಾಲಿನ 28 ಪಿನ್ನಿನದು. ಹೆಸರಿನ ಕೊನೆಯ `PU` ಅದನ್ನೇ ಹೇಳುತ್ತದೆ, ಡೇಟಾಶೀಟಿನಲ್ಲಿ ಅದರ ಚಿತ್ರದ ಮೇಲೆ `PDIP` ಎಂದಿರುತ್ತದೆ. ಅದರಲ್ಲಿ 17 ಅಂದರೆ `MOSI`, 18 `MISO`, 19 `SCK`. ನಿಮ್ಮ ಮೊದಲ ಜೋಡಣೆಯಲ್ಲಿ ಕ್ಲಾಕ್ ವೈರು ಹೋಗಿ ಡೇಟಾ ಪಿನ್ನಿನಲ್ಲಿ ಕೂತಿತ್ತು. ಆದ್ದರಿಂದ ಸಂಖ್ಯೆಗಿಂತ ಮೊದಲು ಪ್ಯಾಕೇಜಿನ ಹೆಸರು ಓದಬೇಕು. ಆರ್ಡುಯಿನೋ ಬೋರ್ಡಿನ `D11` ಎನ್ನುವುದೂ ಇದೇ 17ನೇ ಪಿನ್ನು, ಚಿಪ್ಪಿನ 11ನೇ ಪಿನ್ನಲ್ಲ. ಈ ಮೂರು ಲೆಕ್ಕಗಳನ್ನು ಬೆರೆಸಿಕೊಳ್ಳದಿರಲು `PB3` ಎಂಬ ಪೋರ್ಟ್ ಹೆಸರನ್ನೇ ಹಿಡಿದುಕೊಳ್ಳಿ. ಎಲ್ಲ ಪ್ಯಾಕೇಜಿನಲ್ಲೂ ಅದು ಬದಲಾಗದು.

ಚಿತ್ರ ಮೇಲಿನಿಂದ ನೋಡಿದಂತೆ ಬರೆದದ್ದು. ಚಿಪ್ಪಿನ ತಲೆಯ ಅರ್ಧಚಂದ್ರದ ಕಚ್ಚು ನಿಮ್ಮಿಂದ ಆಚೆಗಿರಲಿ. ಅದರ ಎಡಕ್ಕೆ 1, ಹಾಗೇ ಕೆಳಗಿಳಿದು 14, ಬಲಗಡೆ ಕೆಳಗಿನಿಂದ 15 ಶುರುವಾಗಿ ಮೇಲಕ್ಕೆ 28.

ಇನ್ನು ನಿಮ್ಮ ಪಟ್ಟಿಯಲ್ಲಿ 20 ಮತ್ತು 22 ಇಲ್ಲ. 22 ಇನ್ನೊಂದು ಗ್ರೌಂಡ್. 20 `AVCC`: ಅನಲಾಗ್ ಓದುವುದಿಲ್ಲವೆಂದು ಇದನ್ನು ಬಿಡುವವರೇ ಹೆಚ್ಚು, ಆದರೆ ಬಳಸದಿದ್ದರೂ ಇದಕ್ಕೆ 5 ವೋಲ್ಟ್ ಕೊಡಲೇಬೇಕೆಂದು ಡೇಟಾಶೀಟ್ ಹೇಳುತ್ತದೆ. 21 `AREF`, ಅದನ್ನು ಖಾಲಿ ಬಿಡಿ. 7 ಮತ್ತು 8 ಅಕ್ಕಪಕ್ಕದಲ್ಲೇ ಇರುವುದರಿಂದ ಅವುಗಳ ನಡುವೆ `104` ಎಂದು ಬರೆದ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರನ್ನು ಕಾಲು ಚಿಕ್ಕದು ಮಾಡಿ ಹಾಕಿ, 20 ಮತ್ತು 22ರ ನಡುವೆ ಇನ್ನೊಂದು. 1ನೇ ಪಿನ್ನಿನಿಂದ 5 ವೋಲ್ಟಿಗೆ 10 ಕಿಲೋಓಮ್ ರೆಸಿಸ್ಟರ್ ಇರಲಿ.

ಪವರ್ ಕೊಟ್ಟ ಮೇಲೆ ಮಲ್ಟಿಮೀಟರಿನ ಮೊನೆಯನ್ನು ಬ್ರೆಡ್‌ಬೋರ್ಡಿನ ತೂತಿಗಲ್ಲ, ಚಿಪ್ಪಿನ ಕಾಲಿಗೇ ಮುಟ್ಟಿಸಿ. ಕಾರವಾರದ ಉಪ್ಪುಗಾಳಿಗೆ, ಅದರಲ್ಲೂ ಮಳೆಗಾಲದಲ್ಲಿ, ಬೋರ್ಡಿನೊಳಗಿನ ಕ್ಲಿಪ್ ಕಪ್ಪಾಗಿ ಕಿಲುಬು ಹಿಡಿದು, ಸಾಲಿನಲ್ಲಿ 5 ವೋಲ್ಟ್ ಇದ್ದರೂ ಕಾಲಿಗೆ ಬರದೇ ಹೋಗುವುದುಂಟು. 7 ಮತ್ತು 20ರಲ್ಲಿ ಪ್ರೋಗ್ರಾಮರ್ ಕೊಡುತ್ತಿರುವಷ್ಟೇ ವೋಲ್ಟೇಜ್ ಕಾಣಬೇಕು. ಸುಮ್ಮನಿರುವಾಗ 1ನೇ ಪಿನ್ 4.5 ವೋಲ್ಟಿಗಿಂತ ಮೇಲಿರಬೇಕು, ಯಾಕೆಂದರೆ ಪೂರೈಕೆಯ ಶೇ 90ಕ್ಕಿಂತ ಕಡಿಮೆಯಾದರೆ ಅದು ಹೈ ಎಂಬ ಖಾತ್ರಿ ಇಲ್ಲ.

ಇಷ್ಟೆಲ್ಲ ಸರಿಯಿದ್ದೂ ಉತ್ತರ ಬರದಿದ್ದರೆ ಎರಡನೆಯ ತಪ್ಪು ಟೈಮಿಂಗ್‌ನದ್ದು, ನಿಮ್ಮ ವಿಷಯದಲ್ಲಿ ಬಹುಶಃ ಅದೇ. ಡೇಟಾಶೀಟಿನಲ್ಲಿ `Serial Programming` ಎಂದು ಹುಡುಕಿ. ಆ ಚಾರ್ಟಿನಲ್ಲಿ ಕಾಲ ಎಡದಿಂದ ಬಲಕ್ಕೆ ಹರಿಯುತ್ತದೆ, ಗೆರೆ ಮೇಲಿದ್ದರೆ ಹೈ, ಕೆಳಗಿದ್ದರೆ ಲೋ. ಡೇಟಾ ಸಾಲಿನಲ್ಲಿ ಎರಡು ಗೆರೆಗಳು ಕತ್ತರಿಯಂತೆ ದಾಟುವ ಜಾಗದಲ್ಲಿ ಬಿಟ್ ಬದಲಾಗುತ್ತದೆ. ನಡುವಿನ ಸಮತಟ್ಟು ಭಾಗದಲ್ಲಿ ಅದು ಸ್ಥಿರ. `SAMPLE` ಎಂಬ ಸಾಲಿನ ಗುರುತುಗಳಿಂದ ನೇರ ಮೇಲಕ್ಕೆ ಸ್ಕೇಲ್ ಇಟ್ಟು ನೋಡಿ. ಅವು `SCK` ಮೇಲೇರುವ ಅಂಚಿಗೇ ಬಂದು ನಿಲ್ಲುತ್ತವೆ, ಅಂದರೆ ಚಿಪ್ ಬಿಟ್ಟನ್ನು ಓದುವುದು ಆ ಕ್ಷಣದಲ್ಲಿ. ಚಿತ್ರ ಹೇಳುವುದು ಯಾವುದರ ನಂತರ ಯಾವುದು ಎಂಬುದನ್ನಷ್ಟೇ. ಎಷ್ಟು ಹೊತ್ತು ಎಂಬುದು ಚಿತ್ರದ ಅಗಲದಲ್ಲಿಲ್ಲ, ಅಲ್ಲೇ ಹತ್ತಿರದ ವಾಕ್ಯದಲ್ಲಿದೆ: ಚಿಪ್ಪಿನ ಕ್ಲಾಕ್ 12 ಮೆಗಾಹರ್ಟ್ಸ್‌ಗಿಂತ ಕಡಿಮೆ ಇದ್ದರೆ `SCK` ಲೋ ಆಗಿರುವ ಹೊತ್ತು ಮತ್ತು ಹೈ ಆಗಿರುವ ಹೊತ್ತು, ಎರಡೂ ಚಿಪ್ಪಿನ 2 ಕ್ಲಾಕ್ ಸುತ್ತಿಗಿಂತ ಹೆಚ್ಚಿರಬೇಕು. ಚಿಪ್ `SCK` ಗೆರೆಯನ್ನು ತನ್ನ ಕ್ಲಾಕಿನ ತಾಳಕ್ಕೆ ಇಣುಕಿ ನೋಡುವುದರಿಂದ, ಅದಕ್ಕಿಂತ ಬೇಗ ಏರಿಳಿದರೆ ಕೆಲವು ಅಂಚುಗಳು ಅದಕ್ಕೆ ಕಾಣುವುದೇ ಇಲ್ಲ.

ಈಗ ನಿಮ್ಮ ಚಿಪ್ಪಿಗೆ ಲೆಕ್ಕ ಹಾಕಿ. ಕಾರ್ಖಾನೆಯಿಂದ ಬರುವಾಗ ಒಳಗಿನ 8 ಮೆಗಾಹರ್ಟ್ಸ್ ಕ್ಲಾಕನ್ನು ಎಂಟರಿಂದ ಭಾಗಿಸಿ ಇಟ್ಟಿರುತ್ತಾರೆ, ಹಾಗಾಗಿ ಅದು ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. ಒಂದು ಸುತ್ತು 1 ಮೈಕ್ರೋಸೆಕೆಂಡ್, ಎರಡು ಸುತ್ತು 2. ಲೋ 2, ಹೈ 2 ಸೇರಿ 4 ಮೈಕ್ರೋಸೆಕೆಂಡ್, ಅಂದರೆ `SCK` 250 ಕಿಲೋಹರ್ಟ್ಸ್‌ಗಿಂತ ಕಡಿಮೆ ಇರಬೇಕು. ಯುಎಸ್‌ಬಿಎಎಸ್‌ಪಿ ತಾನಾಗಿ ಹಿಡಿಯುವ ವೇಗ 375 ಕಿಲೋಹರ್ಟ್ಸ್, ಅದರ ಅರ್ಧ ಸುತ್ತು ಬರೀ 1.33 ಮೈಕ್ರೋಸೆಕೆಂಡ್. ಚಿಪ್ ಸುಮ್ಮನಿರುವುದು ಇದಕ್ಕೇ. ವೇಗ ಇಳಿಸಿ:

```
avrdude -c usbasp -p m328p -B 10
```

ಇದರಿಂದ `SCK` 93.75 ಕಿಲೋಹರ್ಟ್ಸ್‌ಗೆ ಇಳಿದು ಅರ್ಧ ಸುತ್ತು 5.33 ಮೈಕ್ರೋಸೆಕೆಂಡ್ ಆಗುತ್ತದೆ. `cannot set sck period` ಎಂದು ಬಂದರೆ ಪ್ರೋಗ್ರಾಮರಿನೊಳಗಿನ ಫರ್ಮ್‌ವೇರ್ ಹಳೆಯದು, ಅದು ನಿಮ್ಮ ಮಾತು ಕೇಳಿಲ್ಲ. ಆಗ ಬೋರ್ಡಿನ ಮೇಲಿನ ನಿಧಾನ `SCK` ಜಂಪರನ್ನು ಜೋಡಿಸಬೇಕು. ಸರಿಯಾಗಿ ಮಾತಾಡಿದರೆ ಚಿಪ್ಪಿನ ಗುರುತಿನ ಸಂಖ್ಯೆಯಾದ ಸಿಗ್ನೇಚರ್ `1e950f` ಬರುತ್ತದೆ. `1e9514` ಬಂದರೆ ವೈರಿಂಗ್ ಸರಿ ಇದೆ, ಆದರೆ ನಿಮಗೆ ಸಿಕ್ಕಿದ್ದು ಕೊನೆಯಲ್ಲಿ `P` ಇಲ್ಲದ `ATmega328`. ಆಗ `-p m328` ಎಂದು ಕೊಡಿ. ಪೂರ್ತಿ ಸೊನ್ನೆ ಅಥವಾ ಪೂರ್ತಿ `ff` ಬಂದರೆ `MISO` ವೈರನ್ನು 18ನೇ ಕಾಲಿನವರೆಗೂ ಮತ್ತೊಮ್ಮೆ ಪರೀಕ್ಷಿಸಿ.

ನಂತರ ಒಮ್ಮೆ ಫ್ಯೂಸ್, ಅಂದರೆ ಚಿಪ್ಪಿನೊಳಗೆ ಕ್ಲಾಕಿನ ಆಯ್ಕೆ ಬರೆದಿಟ್ಟ ಬೈಟ್, ಓದಿ ನೋಡಿ:

```
avrdude -c usbasp -p m328p -B 10 -U lfuse:r:-:h
```

`0x62` ಕಂಡರೆ ಮೇಲಿನ 1 ಮೆಗಾಹರ್ಟ್ಸ್ ಲೆಕ್ಕ ನಿಮ್ಮ ಚಿಪ್ಪಿಗೂ ಸರಿ. ಅದನ್ನು `0xE2` ಮಾಡಿದರೆ ಎಂಟರ ಭಾಗಾಕಾರ ಹೋಗಿ ಚಿಪ್ 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಎರಡು ಸುತ್ತು 0.25 ಮೈಕ್ರೋಸೆಕೆಂಡಿಗೆ ಇಳಿಯುತ್ತದೆ, ಮುಂದೆ `-B` ಬೇಕಾಗದು. 9 ಮತ್ತು 10ರ ನಡುವೆ ಕ್ರಿಸ್ಟಲ್ ಹಾಕದೆ ಕ್ರಿಸ್ಟಲ್ ಫ್ಯೂಸನ್ನು ಮಾತ್ರ ಬರೆಯಬೇಡಿ. ಕ್ಲಾಕೇ ಇಲ್ಲದ ಚಿಪ್ ಎಷ್ಟು ನಿಧಾನ ಕೇಳಿದರೂ ಮತ್ತೆ ಅದೇ `target doesn't answer` ಕೊಡುತ್ತದೆ.