ಗಾದೆಯಂಥ ಸಾಲು ಬೇಕು ಅಂತ ಹೇಳುವುದು ಹೇಗೆ?

ಪ್ರಶ್ನೆ: ಶಾಲೆಯ ನಲ್ಲಿಗಳ ಮೇಲೆ ಹಾಕಲು ನೀರು ಉಳಿಸುವ ಬಗ್ಗೆ ಗೆಳೆಯನಿಂದ ಹತ್ತು ನುಡಿ ಬರೆಸುತ್ತಿದ್ದೇನೆ. ಮೂರು ಸಲ ತಿದ್ದಿಸಿದರೂ ಸರಿಹೋಗುತ್ತಿಲ್ಲ. ಏನು ಹೇಳಬೇಕು?

‘ಇನ್ನೂ ಚೆನ್ನಾಗಿರಲಿ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಧಾಟಿಗೆ ಒಂದು ಮಾದರಿ ಕೊಡಿ: ‘ಕೈ ಕೆಸರಾದರೆ ಬಾಯಿ ಮೊಸರು’. ಅದರಲ್ಲಿ ನಿಮಗೆ ಬೇಕಾದದ್ದು ಏನೆಂದೂ ಹೇಳಿ. ಎರಡು ತುಂಡು, ಕೆಸರು-ಮೊಸರು ಪ್ರಾಸ, ಕಣ್ಣಿಗೆ ಕಾಣುವ ವಸ್ತು. ‘ಬೇಕು’, ‘ಬೇಡಿ’ ಎಂಬ ಉಪದೇಶ ಇಲ್ಲ.

ಉದ್ದವನ್ನು ಪದಗಳಲ್ಲಿ ಹೇಳಬೇಡಿ, ಅಕ್ಷರಗಳಲ್ಲಿ ಹೇಳಿ. ಕನ್ನಡದಲ್ಲಿ ಪದಗಳು ಅಂಟಿಕೊಳ್ಳುತ್ತವೆ ಅಲ್ವಾ? ‘ನೀರುಳಿಸಬೇಕಾದದ್ದು’ ಒಂದೇ ಪದ, ಆದರೆ ಎಂಟು ಅಕ್ಷರ. ಮೇಲಿನ ಇಡೀ ಗಾದೆಯೇ ಹನ್ನೊಂದು ಅಕ್ಷರ. ಹಾಗಾಗಿ ‘12 ಅಕ್ಷರ ಮೀರದಿರಲಿ’ ಅನ್ನಿ. ರೂಪದ ಬಗ್ಗೆ ಒಂದೇ ಮಾತು ಸಾಕು: ಒಂದು ಬೋರ್ಡಿಗೆ ಒಂದು ಸಾಲು, ಆಶ್ಚರ್ಯಸೂಚಕ ಬೇಡ.

ಪ್ರತಿ ಸುತ್ತಿನಲ್ಲಿ ಒಂದನ್ನೇ ತಿದ್ದಿಸಿ, ಮೊದಲು ಧಾಟಿ, ಆಮೇಲೆ ಉದ್ದ. ನುಡಿಗಳಿಗೆ ನಂಬರ್ ಹಾಕಿ. ‘2, 7 ಹಾಗೇ ಇರಲಿ, ಮುಟ್ಟಬೇಡ. 4ರಲ್ಲಿ ಮೇಷ್ಟ್ರ ದನಿ ಇದೆ’ ಎಂದು ಬರೆಯಿರಿ. ಆಗ ‘ನೀರು ಅಮೂಲ್ಯ, ಅದನ್ನು ಉಳಿಸುವುದು ನಮ್ಮ ಕರ್ತವ್ಯ’ ಎಂಬುದು ‘ಹನಿ ಉಳಿದರೆ ಕೊಡ ತುಂಬೀತು’ ಆಗಬಹುದು. ಇದೂ ಹನ್ನೊಂದೇ ಅಕ್ಷರ. ಪ್ರಾಸ ಇಲ್ಲ, ಆದರೂ ನಾನಾದರೆ ಇದನ್ನು ಒಪ್ಪುತ್ತೇನೆ. ಪ್ರಾಸಕ್ಕಾಗಿ ಸುಮ್ನೆ ಎಳೆದ ಸಾಲು ಇದಕ್ಕಿಂತ ಕೆಟ್ಟದಾಗಿರುತ್ತದೆ.

ಉದ್ದ ಕತ್ತರಿಸಿದ ಮೇಲೆ ಧಾಟಿಯನ್ನು ಮತ್ತೆ ನೋಡಿ. ಚಿಕ್ಕದು ಮಾಡುವ ಅವಸರದಲ್ಲಿ ‘ನಲ್ಲಿ ನಿಲ್ಲಿಸಿ’ ಎಂಬ ಆಜ್ಞೆ ನುಸುಳುವುದೇ ಜಾಸ್ತಿ.