ಏಳನೇ ಕ್ಲಾಸಿನ ಭವಿಷ್ಯ, ಬಾಸ್ಟನ್ನಿನ ಪೆಟ್ಟಿಗೆಗಳು

*ನಮ್ಮ ಬೀದಿಯ ಸಂಘದಿಂದ ರಾತ್ರಿ ಕಾವಲಿಗೆ ಒಬ್ಬನನ್ನು ಇಡಬೇಕು ಅಂತಿದ್ದೇವೆ. ಬಂದಿರುವವನಿಗೆ 36 ವರ್ಷ. 20ನೇ ವಯಸ್ಸಿನಲ್ಲಿ ಮನೆಗಳ್ಳತನ ಮಾಡಿ ಜೈಲಿಗೆ ಹೋಗಿದ್ದವನು. ಆಮೇಲೆ ಏನೂ ಇಲ್ಲ, ಸರಿಹೋಗಿದ್ದಾನೆ ಅಂತ ಕೆಲವರ ವಾದ. ನಾನು 31 ವರ್ಷ ಪಾಠ ಮಾಡಿದವನು. ಯಾವ ಹುಡುಗ ಕೆಡುತ್ತಾನೆ ಅಂತ ಏಳನೇ ಕ್ಲಾಸಿನಲ್ಲೇ ಗೊತ್ತಾಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು. ಏನಂತೀರಿ?*
*– ನಿವೃತ್ತ ಮೇಷ್ಟ್ರು, ಮಂಡ್ಯ*

ಮೇಷ್ಟ್ರೇ, ನಿಮ್ಮ ಕಾಗದದಲ್ಲಿ ಅರ್ಧ ನಿಜ ಇದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಜೈಲಿನಿಂದ ಬಂದ ಮೊದಲ ಒಂದೆರಡು ವರ್ಷ ಮತ್ತೆ ಜಾರುವವರು ಜಾಸ್ತಿ. ಆಗ ಹೆದರುವುದು ತಪ್ಪಲ್ಲ. ಯಾವ ಹುಡುಗ ಕೆಡಬಹುದು ಅನ್ನುವ ಮೇಷ್ಟ್ರ ಕಣ್ಣೂ ಪೂರ್ತಿ ಸುಳ್ಳಲ್ಲ. ಆದರೆ ಅವನು ಯಾವಾಗ ನಿಲ್ಲಿಸುತ್ತಾನೆ ಅಂತ ಏಳನೇ ಕ್ಲಾಸಿನಲ್ಲಿ ಕಾಣುವುದಿಲ್ಲ. ಇದು ನನ್ನ ಮಾತಲ್ಲ, ಬಾಸ್ಟನ್ನಿನ ಒಂದಷ್ಟು ರಟ್ಟಿನ ಪೆಟ್ಟಿಗೆಗಳು ಹೇಳಿದ್ದು.

1940ರ ಸುಮಾರಿಗೆ ಅಮೆರಿಕದ ಬಾಸ್ಟನ್ನಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಶೆಲ್ಡನ್ ಮತ್ತು ಎಲಿನರ್ ಗ್ಲೂಕ್ ಅನ್ನುವ ಗಂಡ ಹೆಂಡತಿ, ಸುಧಾರಣಾ ಶಾಲೆ ಸೇರಿದ್ದ 500 ಹುಡುಗರನ್ನು, ಅವರ ಜೊತೆಗೆ ಅಂಥದೇ ಬಡ ಕೇರಿಗಳ 500 ಸಾಧು ಹುಡುಗರನ್ನು ಆರಿಸಿಕೊಂಡರು. ಅಪ್ಪ ಅಮ್ಮ, ನೆರೆಹೊರೆ, ಮೇಷ್ಟ್ರುಗಳು, ಎಲ್ಲರನ್ನೂ ಕೇಳಿ ಬರೆದುಕೊಂಡರು. (ನಿಮ್ಮಂಥ ಮೇಷ್ಟ್ರುಗಳ ಅಭಿಪ್ರಾಯವೂ ಅಲ್ಲಿದೆ, ನೋಡಿ!) ಹುಡುಗರಿಗೆ 32 ಆಗುವವರೆಗೂ ಬೆನ್ನು ಬಿಡಲಿಲ್ಲ. ಆಮೇಲೆ ಆ ಕಾಗದಗಳೆಲ್ಲ ಪೆಟ್ಟಿಗೆ ಸೇರಿ ಹಾರ್ವರ್ಡ್‌ನ ಲಾ ಲೈಬ್ರರಿಯ ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದವು. 1980ರ ದಶಕದಲ್ಲಿ ಜಾನ್ ಲಾಬ್ ಅನ್ನುವ ಸಂಶೋಧಕರಿಗೆ ಅವು ಸಿಕ್ಕವು. ಲಾಬ್ ಮತ್ತು ರಾಬರ್ಟ್ ಸ್ಯಾಂಪ್ಸನ್ ಸೇರಿ, ಕೆಟ್ಟವರು ಅನ್ನಿಸಿಕೊಂಡಿದ್ದ ಆ 500 ಜನರ ಪೊಲೀಸ್ ದಾಖಲೆಯನ್ನು ಅವರಿಗೆ 70 ಆಗುವವರೆಗೂ ಹುಡುಕಿದರು. ಬದುಕಿದ್ದ 52 ಜನರನ್ನು ಪತ್ತೆ ಮಾಡಿ ಎದುರು ಕೂತು ಮಾತಾಡಿಸಿದರು.

ಕಂಡದ್ದೇನು ಅಂದರೆ, ಕೊನೆಗೆ ಹೆಚ್ಚುಕಮ್ಮಿ ಎಲ್ಲರೂ ನಿಲ್ಲಿಸಿದ್ದರು. ಕೆಲವರು ಇಪ್ಪತ್ತರ ಹರೆಯದಲ್ಲಿ, ಕೆಲವರು ನಲವತ್ತರಲ್ಲಿ, ಹಟಮಾರಿಗಳು ಇನ್ನೂ ತಡವಾಗಿ. ಬಾಲ್ಯದಲ್ಲಿ ಅತಿ ಕೆಟ್ಟ ಲಕ್ಷಣ ತೋರಿಸಿದವರ ಅಪರಾಧದ ಗೆರೆಯೂ ವಯಸ್ಸಿನ ಜೊತೆ ಇಳಿದಿತ್ತು. ಯಾರು ಬೇಗ ನಿಲ್ಲಿಸುತ್ತಾರೆ, ಯಾರು ತಡ ಅಂತ ಹೇಳುವುದಕ್ಕೆ ಆ ಬಾಲ್ಯದ ಲಕ್ಷಣಗಳು ಹೆಚ್ಚು ಉಪಯೋಗಕ್ಕೆ ಬರಲಿಲ್ಲ.

ಹಾಗಾದರೆ ನಿಲ್ಲಿಸಿದ್ದು ಯಾವುದು? ರಕ್ತ ತಣ್ಣಗಾಗುವುದು ಇದ್ದೇ ಇದೆ. ಅದರ ಮೇಲೆ ಮೂರು ವಿಷಯ ಮತ್ತೆ ಮತ್ತೆ ಬಂದವು. ಬಿಡದೆ ಹಿಡಿದ ಕೆಲಸ, ಕಾಯುವ ಹೆಂಡತಿ, ಹಳೆ ಸ್ನೇಹಿತರಿಂದ ದೂರ. ಇದರಲ್ಲಿ ಪ್ರೀತಿ ಪ್ರೇಮದ ಪವಾಡ ಏನಿಲ್ಲ. ಸಂಜೆ ಆರಕ್ಕೆ ಎಲ್ಲಿರಬೇಕು ಅನ್ನುವುದು ಬೇರೆಯವರ ಕೈಗೆ ಹೋಗುತ್ತದೆ, ಅಷ್ಟೇ. 'ಇವತ್ತಿನಿಂದ ನಿಲ್ಲಿಸುತ್ತೇನೆ' ಅಂತ ಶಪಥ ಮಾಡದೆಯೇ ನಿಂತುಹೋದವರು ಬಹಳ ಜನ. ಹೌದು, ಅವರೆಲ್ಲ ಯುದ್ಧದ ನಂತರ ಕಾರ್ಖಾನೆ ಕೆಲಸ ಧಾರಾಳವಾಗಿ ಸಿಗುತ್ತಿದ್ದ ಕಾಲದ ಬಿಳಿಯ ಗಂಡಸರು. ಇಲ್ಲಿಗೆ ಹಾಗೇ ಅಂಟಿಸಲಾಗದು. ಆದರೆ ಇಲ್ಲೂ ಅದೇ ಗೆರೆ ನೋಡಿದ್ದೇನೆ.

ನನಗೆ ಗೊತ್ತಿರುವ ಒಬ್ಬರು ಹತ್ತೊಂಬತ್ತರಿಂದ ಇಪ್ಪತ್ತೈದರವರೆಗೆ ಪಂಪ್‌ಸೆಟ್ ಕೇಬಲ್ ಕದಿಯುತ್ತಿದ್ದವರು. ನಾಲೆ ಬಯಲಿನಲ್ಲಿ ಕೇಬಲ್ ಕತ್ತರಿಸುವುದು, ಮೇಲಿನ ರಬ್ಬರ್ ಸುಡುವುದು, ತಾಮ್ರ ಗುಜರಿಗೆ ಹಾಕುವುದು. ಎರಡು ಸಲ ಒಳಗೂ ಹೋಗಿ ಬಂದರು. ಸೋದರಮಾವ ಒಬ್ಬರು ತಮ್ಮ ಆಲೆಮನೆಯಲ್ಲಿ ಒಲೆಗೆ ರಚ್ಚು ಹಾಕುವ ಕೆಲಸ ಕೊಟ್ಟರು. ಬೆಳಗಿನ ಜಾವ ಮೂರಕ್ಕೆ ಗಾಣ ಶುರು. ಕೊಪ್ಪರಿಗೆ ಕುದಿಯುವಾಗ ಒಲೆ ಬಿಟ್ಟು ಏಳುವಂತಿಲ್ಲ, ಉರಿ ತಪ್ಪಿದರೆ ಪಾಕ ಕೆಡುತ್ತದೆ, ಪಾಕ ಕೆಟ್ಟರೆ ಅವತ್ತಿನ ಬೆಲ್ಲ ಹೋಯಿತು. 'ಯಾವಾಗ ಬಿಟ್ಟಿರಿ?' ಅಂತ ಒಮ್ಮೆ ಕೇಳಿದೆ. ಯೋಚಿಸಿ, 'ಬಿಟ್ಟೆ ಅಂತ ಏನಿಲ್ಲ ಸ್ವಾಮಿ, ರಾತ್ರಿ ಎಂಟಕ್ಕೆ ಮಲಗ್ತಿದ್ದೆ' ಅಂದರು.

ಈಗ ನಿಮ್ಮ ಕಾವಲುಗಾರನ ಲೆಕ್ಕಕ್ಕೆ ಬರೋಣ. ಅಮೆರಿಕದ ಬ್ಲೂಮ್‌ಸ್ಟೀನ್ ಮತ್ತು ನಾಕಮುರ ಅನ್ನುವ ಸಂಶೋಧಕರು, 1980ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಮೊದಲ ಸಲ ಅರೆಸ್ಟ್ ಆದವರ ದಾಖಲೆ ಹಿಡಿದು ಒಂದು ಪ್ರಶ್ನೆ ಕೇಳಿದರು. ಎಷ್ಟು ವರ್ಷ ಸುಮ್ಮನಿದ್ದರೆ, ಅದೇ ವಯಸ್ಸಿನ ಬೇರೆಯವರಿಗಿಂತ ಇವನು ಸಿಕ್ಕಿಬೀಳುವ ಅಪಾಯ ಜಾಸ್ತಿ ಇರುವುದಿಲ್ಲ? ಹದಿನೆಂಟರಲ್ಲಿ ಮನೆಗಳ್ಳತನಕ್ಕೆ ಸಿಕ್ಕವನಿಗೆ ಸುಮಾರು 3.8 ವರ್ಷ, ದರೋಡೆಗೆ ಸುಮಾರು 7.7 ವರ್ಷ. ಅಲ್ಲಿಂದಾಚೆ ಹಳೆ ಕೇಸಿನ ಚೀಟಿ ನಿಮಗೆ ಹೆಚ್ಚೇನೂ ಹೇಳುವುದಿಲ್ಲ. ಆ ಸಂಖ್ಯೆ ನಮ್ಮೂರಿಗೆ ಕೂದಲೆಳೆಯಷ್ಟು ಸರಿ ಅನ್ನುತ್ತಿಲ್ಲ. ಆದರೆ ನಿಮ್ಮವನು 16 ವರ್ಷದ ಹಿಂದಿನ ಕಥೆ, ಮೇಷ್ಟ್ರೇ!

ನನಗೆ ನಿಜಕ್ಕೂ ಕೋಪ ಬರುವುದು ನಿಮ್ಮ ಮೇಲಲ್ಲ. ರೌಡಿ ಪಟ್ಟಿ ಅಂತ ಒಂದಿದೆಯಲ್ಲ. ಒಮ್ಮೆ ಹೆಸರು ಸೇರಿದರೆ ತೆಗೆಸುವುದಕ್ಕೆ ಚಪ್ಪಲಿ ಸವೆಯಬೇಕು. ಚುನಾವಣೆ ಬಂತು, ಹಬ್ಬ ಬಂತು ಅಂದರೆ ಪರೇಡ್. ನಲವತ್ತೈದು ದಾಟಿದ, ಮೊಮ್ಮಗು ಕಂಡವರೂ ಕೂಲಿ ಬಿಟ್ಟು ಸಾಲಲ್ಲಿ ನಿಲ್ಲಬೇಕು. ಮೇಲೆ ಟಿವಿಯವರ ಕ್ಯಾಮೆರಾ. ಹಳೆ ಗ್ಯಾಂಗಿನಿಂದ ದೂರ ಆದರೆ ಮನುಷ್ಯ ಸರಿಹೋಗುತ್ತಾನೆ ಅಂತ ಗೊತ್ತಿದ್ದೂ, ಹತ್ತು ವರ್ಷ ಮುಖ ನೋಡದವರನ್ನು ನಾವೇ ಕರೆದು ಒಂದೇ ಅಂಗಳದಲ್ಲಿ ನಿಲ್ಲಿಸುತ್ತೇವೆ. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್ ಮುಳುಗಿದಾಗ, ಜೈಲಿನಿಂದ ಬಿಟ್ಟವರಲ್ಲಿ ಎಷ್ಟೋ ಜನ ಹಳೆ ಕೇರಿಗೆ ವಾಪಸ್ ಹೋಗಲಾಗದೆ ಬೇರೆ ಊರು ಸೇರಿದರು. ಹಳೆ ಕಡೆಗೇ ಹೋದವರಿಗಿಂತ ಅವರು ಮತ್ತೆ ಜೈಲು ಸೇರಿದ್ದು ಕಡಿಮೆ ಅಂತ ಡೇವಿಡ್ ಕರ್ಕ್ ಅನ್ನುವ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಲ್ಲಿ ಚಂಡಮಾರುತ ಮಾಡಿದ ಉಪಕಾರವನ್ನೂ ಇಲ್ಲಿ ನಾವು ಮಾಡುತ್ತಿಲ್ಲ.

ಕಾನೂನು ಇಲ್ಲ ಅಂತಲ್ಲ. 1958ರ ಪರಿವೀಕ್ಷಣೆ ಕಾಯ್ದೆ, ಅದೇ ಪ್ರೊಬೇಷನ್ ಕಾಯ್ದೆ, 21 ತುಂಬದವರನ್ನು ಜೀವಾವಧಿ ಆಗದಂಥ ತಪ್ಪುಗಳಿಗೆ ಜೈಲಿಗೆ ಹಾಕಬೇಕಾದರೆ ನ್ಯಾಯಾಧೀಶರು ಕಾರಣ ಬರೆದಿಡಬೇಕು ಅನ್ನುತ್ತದೆ. ಕೆಡುವ ವಯಸ್ಸು ಅದೇ, ತಾನಾಗಿ ಇಳಿಯುವ ವಯಸ್ಸೂ ಅದರ ಮುಂದಿನದೇ. ಕ್ಯಾಲಿಫೋರ್ನಿಯಾದವರು 1994ರಲ್ಲಿ ಇದಕ್ಕೆ ಉಲ್ಟಾ ಹೋದರು. ಎರಡು ಗಂಭೀರ ಅಪರಾಧ ಮಾಡಿದವನು ಮೂರನೇ ಸಲ ಸಿಕ್ಕರೆ 25 ವರ್ಷದಿಂದ ಜೀವಾವಧಿವರೆಗೆ ಜೈಲು. ಮೂರನೇ ಸಲಕ್ಕೆ ಮನುಷ್ಯನಿಗೆ ಮೂವತ್ತು ದಾಟಿರುತ್ತದೆ ಅಲ್ವಾ? ಅವನು ತಾನಾಗಿ ಬಿಡುವ ವರ್ಷಗಳನ್ನೇ ಆರಿಸಿ ಬೀಗ ಹಾಕಿ, ಆಮೇಲೆ ಅವನ ಮಂಡಿನೋವಿಗೆ ಸರ್ಕಾರದ ದುಡ್ಡಲ್ಲಿ ಔಷಧಿ. 2012ರಲ್ಲಿ ಅಲ್ಲಿನ ಮತದಾರರೇ ಅದನ್ನು ಸಡಿಲ ಮಾಡಿದರು.

ನಿಮ್ಮ ಮೀಟಿಂಗಿನಲ್ಲಿ ಅವನ 20ನೇ ವರ್ಷದ ವಿಷಯ ಕೆದಕಬೇಡಿ. ಈ 16 ವರ್ಷದಲ್ಲಿ ಎಲ್ಲೆಲ್ಲಿ ಕೆಲಸ ಮಾಡಿದ, ಒಂದೊಂದು ಕಡೆ ಎಷ್ಟು ದಿನ ನಿಂತ, ಯಾಕೆ ಬಿಟ್ಟ, ಅದನ್ನು ಕೇಳಿ. ಕುಡಿತ ಇದೆಯಾ, ರಜದ ದಿನ ಯಾರ ಜೊತೆ ಇರುತ್ತಾನೆ, ಅದನ್ನೂ ಕೇಳಿ. ಹಿಂದಿನ ಯಜಮಾನರಿಗೆ ನೀವೇ ಒಂದು ಫೋನ್ ಮಾಡಿ, ಕೇಳಿದ ಮಾತು ಮೀಟಿಂಗಿನಲ್ಲಿ ಎಲ್ಲರ ಮುಂದೆ ಹೇಳಿ. ಮೂರು ಕಡೆ ಮೂರು ತಿಂಗಳು ನಿಂತವನಾದರೆ ನಾನೂ ಅನುಮಾನ ಪಡುತ್ತೇನೆ. ಒಂದೇ ಕಡೆ ಎಂಟು ವರ್ಷ ನಿಂತವನಾದರೆ ಗೇಟಿನ ಕೀ ಕೊಡಿ.

– ಸಂ.